ಹಿಡಿದದ್ದು ನನ್ನ ಹಣ, ಜಮೆ ಆದದ್ದು ಇನ್ನೊಬ್ಬರ ಪ್ಯಾನ್‌ಗೆ

"ನಮ್ಮ ರಿಟರ್ನ್ ಆಕ್ಸೆಪ್ಟ್ ಆಗಿದೆ ಸರ್, ನಮ್ಮ ಕಡೆ ಎಲ್ಲ ಸರಿ ಇದೆ." ನನ್ನ ತೆರಿಗೆ ಬೇರೆಯವರ ಪ್ಯಾನ್‌ಗೆ ಜಮೆ ಆಗಿದೆ, ಸರಿ ಮಾಡಿ ಅಂತ ಬರೆದದ್ದಕ್ಕೆ ಒಂದು ತರಬೇತಿ ಸಂಸ್ಥೆಯ ಅಕೌಂಟ್ಸ್‌ನಿಂದ ಇವತ್ತು ಬೆಳಿಗ್ಗೆ ಬಂದ ಉತ್ತರ ಇಷ್ಟೇ. ಓದಿ ಮೈ ಉರಿಯಿತು.

ನಾನು ಆ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದೆ. 2025ರ ಫೆಬ್ರವರಿಯಲ್ಲಿ 80,000 ರೂಪಾಯಿಗೆ ಬಿಲ್ ಕೊಟ್ಟೆ. 194ಜೆ ಸೆಕ್ಷನ್ ಪ್ರಕಾರ ಶೇ 10 ತೆರಿಗೆಯನ್ನು, ಅಂದರೆ ಟಿಡಿಎಸ್, ಮೂಲದಲ್ಲೇ ಹಿಡಿದು 72,000 ಹಾಕಿದರು. ಅದು ಸರಿಯೇ. ಉಳಿದ 8,000 ನನ್ನ ಹೆಸರಿನಲ್ಲಿ ಸರ್ಕಾರಕ್ಕೆ ಸೇರಬೇಕಿತ್ತು. ನನ್ನ ಆದಾಯ ತೆರಿಗೆ ರಿಟರ್ನ್ ಹಾಕಲು ಕುಳಿತು, ನನ್ನ ಪ್ಯಾನ್‌ಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್ ತೆರೆದರೆ ಆ ಸಂಸ್ಥೆಯ ಹೆಸರೇ ಇಲ್ಲ.

ಫೋನ್ ಮಾಡಿದಾಗ ಅಕೌಂಟ್ಸ್‌ನವರು ಚಲನ್ ಕಟ್ಟಿದ ದಾಖಲೆ ತೋರಿಸಿದರು. ಕಟ್ಟಿದ್ದು ನಿಜ. ಹಾಗಾದರೆ ಹಣ ಎಲ್ಲಿ? ಯಾರಿಂದ ಎಷ್ಟು ತೆರಿಗೆ ಹಿಡಿದೆವು ಅಂತ ಸಂಸ್ಥೆ ಇಲಾಖೆಗೆ ಸಲ್ಲಿಸುವ ರಿಟರ್ನ್ ಇದೆಯಲ್ಲ, ಜನವರಿ–ಮಾರ್ಚ್ ತ್ರೈಮಾಸಿಕದ ಆ 26ಕ್ಯೂನಲ್ಲಿ ನನ್ನ ಸಾಲು ತೆಗೆದು ಪ್ಯಾನ್ ಓದಿ ಅಂದೆ. ಓದಿದರು. ಅದು ನನ್ನದಲ್ಲ. ಅಲ್ಲೇ ಪಾಠ ಮಾಡುವ ಇನ್ನೊಬ್ಬರದ್ದು. ಮೊತ್ತ ನನ್ನದು, ಪ್ಯಾನ್ ಅವರದು.

ಇಷ್ಟಾದರೂ "ಆಕ್ಸೆಪ್ಟ್ ಆಗಿದೆ" ಅನ್ನುತ್ತಾರಲ್ಲ! ಆಕ್ಸೆಪ್ಟ್ ಆಗುವುದು ಅಂದರೆ ಏನು? ಕಟ್ಟಿದ ಚಲನ್‌ಗೂ ಹೇಳಿದ ಮೊತ್ತಕ್ಕೂ ತಾಳೆ ಇದೆ, ದರ ಸರಿ ಇದೆ, ಪ್ಯಾನ್ ಅಸ್ತಿತ್ವದಲ್ಲಿದೆ ಅಂತ ಅಷ್ಟೇ. ಆ ಹಣ ಯಾರ ದುಡಿಮೆಯದ್ದು ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? ಇಲ್ಲದ ಪ್ಯಾನ್ ಹಾಕಿದ್ದರೆ ಶೇ 20 ಹಿಡಿಯಬೇಕಿತ್ತು ಅಂತ ಇಲಾಖೆಯಿಂದ ಅವರಿಗೇ ನೋಟಿಸ್ ಬರುತ್ತಿತ್ತು. ಆಗ ಓಡಿ ಸರಿ ಮಾಡುತ್ತಿದ್ದರು. ಇನ್ನೊಬ್ಬರ ನಿಜವಾದ ಪ್ಯಾನ್ ಹಾಕಿದ್ದರಿಂದ ಅವರಿಗೆ ಯಾವ ನೋವೂ ಇಲ್ಲ. ನೋವು ನನಗೆ ಮತ್ತು ಆ ಇನ್ನೊಬ್ಬರಿಗೆ. ಪಡೆಯದ 80,000 ಈಗ ಅವರ ಆದಾಯ ಅಂತ ಕಾಣುತ್ತಿದೆ, ಪಾಪ.

ಹಾಗಾಗಿ ಫೋನ್ ಬಿಟ್ಟು ಬರೆದೆ. ಅಕೌಂಟ್ಸ್‌ಗೆ ಮೇಲ್, ಜೊತೆಗೆ 26ಕ್ಯೂಗೆ ಸಹಿ ಮಾಡುವ ಜವಾಬ್ದಾರಿ ಇರುವವರ ಹೆಸರಿಗೆ ರಿಜಿಸ್ಟರ್ಡ್ ಪೋಸ್ಟ್. ಸುಮ್ನೆ "ನನ್ನ ಟಿಡಿಎಸ್ ಬಂದಿಲ್ಲ, ದಯವಿಟ್ಟು ನೋಡಿ" ಅಂದರೆ ನೋಡುವುದಿಲ್ಲ. ಯಾವ ಸಾಲಿನಲ್ಲಿ ಏನು ಬದಲಾಗಬೇಕು ಅಂತ ಹೇಳಬೇಕು. ಮುಖ್ಯ ಭಾಗ ಹೀಗಿತ್ತು:

"2024–25ರ ನಾಲ್ಕನೇ ತ್ರೈಮಾಸಿಕದ ನಿಮ್ಮ 26ಕ್ಯೂನಲ್ಲಿ ನನ್ನ 80,000 ರೂ. ಪಾವತಿ ಮತ್ತು 8,000 ರೂ. ಟಿಡಿಎಸ್ ಬೇರೆಯವರ ಪ್ಯಾನ್‌ಗೆ ದಾಖಲಾಗಿದೆ. ತಿದ್ದುಪಡಿ ಸ್ಟೇಟ್‌ಮೆಂಟ್ ಸಲ್ಲಿಸಿ ಆ ಸಾಲಿಗೆ ನನ್ನ ಪ್ಯಾನ್ ಹಾಕಿ. ಚಲನ್ ಸರಿಯಾಗಿರುವುದರಿಂದ ಈ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಸಲ್ಲಿಸಿದ ಮೇಲೆ ಟೋಕನ್ ನಂಬರ್ ತಿಳಿಸಿ. ಅದು ಪ್ರೊಸೆಸ್ ಆದ ಮೇಲೆ ಟ್ರೇಸಸ್‌ನಿಂದ ಇಳಿಸಿದ ಫಾರ್ಮ್ 16ಎ ಕೊಡಿ."

ಕೆಳಗೆ ತೆರಿಗೆ ಹಿಡಿಯುವವರಿಗೆ ಇರುವ ಅವರ ಟ್ಯಾನ್ ನಂಬರ್, ನನ್ನ ಪ್ಯಾನ್, ಬಿಲ್ ನಂಬರ್, ಹಣ ಬಂದ ದಿನಾಂಕ. ಜೊತೆಗೆ ಬಿಲ್ ಪ್ರತಿ, 72,000 ಬಂದ ಬ್ಯಾಂಕ್ ಪುಟ, 26ಎಎಸ್. ಟೋಕನ್ ನಂಬರ್ ಕೇಳಿದ್ದು ಬೇಕೆಂದೇ. "ಮಾಡಿದ್ದೀವಿ ಸರ್" ಅನ್ನುವ ಮಾತಿಗೂ ನಿಜವಾಗಿ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಆ ನಂಬರ್. ಅಕೌಂಟ್ಸ್‌ನವರೇ ಎಕ್ಸೆಲ್‌ನಲ್ಲಿ ಮಾಡಿಕೊಟ್ಟ 16ಎ, ಅಂದರೆ ಟಿಡಿಎಸ್ ಸರ್ಟಿಫಿಕೇಟ್, ನನಗೆ ಬೇಡ. ಇಲಾಖೆಯ ಟಿಡಿಎಸ್ ಪೋರ್ಟಲ್ ಆದ ಟ್ರೇಸಸ್‌ನದ್ದು ನನ್ನ ಪ್ಯಾನ್‌ನಲ್ಲಿ ಬಂದರೆ ಮಾತ್ರ ಕೆಲಸ ಆಗಿದೆ ಅಂತ ಅರ್ಥ.

ಆ ಪತ್ರಕ್ಕೆ ಬಂದ ಉತ್ತರವೇ ಮೊದಲಿಗೆ ಬರೆದ ಆ ಸಾಲು!

ಒಬ್ಬ ಗೆಳೆಯ ಹೇಳಿದ, "ಎಂಟು ಸಾವಿರ ತಾನೇ, ಕಟ್ಟಿ ಬಿಡು, ತಲೆನೋವು ಯಾಕೆ." ಯಾಕೆ ಕಟ್ಟಬೇಕು? ಒಂದು ಸಲ ನನ್ನ ಬಿಲ್ ಹಣದಿಂದ ಹೋಗಿದೆ, ಇನ್ನೊಂದು ಸಲ ಜೇಬಿನಿಂದ ಹೋಗಬೇಕಾ? ಮೂಲದಲ್ಲೇ ಹಿಡಿದ ತೆರಿಗೆಯನ್ನು ನಮ್ಮಿಂದ ಮತ್ತೆ ಕೇಳಬಾರದು ಅಂತ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 205 ಹೇಳುತ್ತದೆ. ಆದರೆ ಕಾನೂನು ನನ್ನ ಕಡೆ ಇದ್ದರೂ ಕಂಪ್ಯೂಟರ್ ಇಲ್ಲ. 26ಎಎಸ್‌ನಲ್ಲಿ ಇಲ್ಲದ ಕ್ರೆಡಿಟ್ ಕೇಳಿದರೆ ಅದನ್ನು ಕೊಡದೆ, ರಿಟರ್ನ್ ನೋಡಿ ಇಲಾಖೆ ಕಳಿಸುವ ಸೆಕ್ಷನ್ 143(1)ರ ಸೂಚನೆಯಲ್ಲಿ ಬಾಕಿ ಕಟ್ಟಿ ಅಂತ ಡಿಮಾಂಡ್ ಬರುವ ಸಾಧ್ಯತೆಯೇ ಜಾಸ್ತಿ. ಬಂದರೆ ಒಪ್ಪುವುದಿಲ್ಲ ಅಂತ ಪೋರ್ಟಲ್‌ನಲ್ಲಿ ಉತ್ತರ ಹಾಕುತ್ತೇನೆ. ಇಂಥ ವ್ಯತ್ಯಾಸ ಬಂದರೆ ಹಣ ಕಟ್ಟಿದೆಯೇ ಎಂದು ನೋಡಿ ಕ್ರೆಡಿಟ್ ಕೊಡಬೇಕು ಅಂತ ತೆರಿಗೆ ಮಂಡಳಿ 2013ರಲ್ಲೇ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ಆದರೆ ಅದು ಟಿಡಿಎಸ್ ಸರ್ಟಿಫಿಕೇಟ್ ಹಿಡಿದು ಹೋದವರ ಬಗ್ಗೆ. ನನ್ನ ಹೆಸರಿನ ಸರ್ಟಿಫಿಕೇಟೇ ಇಲ್ಲವಲ್ಲ!

ಅದಕ್ಕೇ ಇವತ್ತು ಮತ್ತೆ ಬರೆದೆ. ತಪ್ಪು ಮಾಹಿತಿ ಕೊಟ್ಟರೆ ಸೆಕ್ಷನ್ 271ಎಚ್ ಪ್ರಕಾರ 10,000ದಿಂದ ಒಂದು ಲಕ್ಷದವರೆಗೆ ದಂಡ ಹಾಕಬಹುದು ಅನ್ನುವುದನ್ನೂ ಸೇರಿಸಿದೆ. ಆ ಇನ್ನೊಬ್ಬ ಮೇಡಂಗೂ ಫೋನ್ ಮಾಡಿ ವಿಷಯ ಹೇಳಿದ್ದೇನೆ. ಅವರೂ ಈಗ ಪತ್ರ ಬರೆಯುತ್ತಿದ್ದಾರೆ.