ನಾಲ್ಕನೆಯ ದಿನಕ್ಕೆ ಮುಗಿಯುವ ಮುಂಜಿ

ಕಾಸರಗೋಡಿನ ನಮ್ಮ ಹವ್ಯಕ ಮನೆಗಳಲ್ಲಿ ಉಪನಯನವು ಸಾಮಾನ್ಯವಾಗಿ ಶಾಲೆಗೆ ರಜೆಯಿರುವ ಏಪ್ರಿಲ್, ಮೇ ತಿಂಗಳಲ್ಲಿ ನಡೆಯುತ್ತದೆ. ಉತ್ತರಾಯಣವೂ ವಸಂತವೂ ಆಗ ಒಟ್ಟಿಗೆ ಸಿಗುತ್ತವೆ. ಬೆಂಗಳೂರಿನ ನೆಂಟರು ಅದನ್ನೇ ಕಲ್ಯಾಣಮಂಟಪದಲ್ಲಿ ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಾರೆ. ನೆರೆಯ ನಂಬೂದಿರಿ ಸಂಪ್ರದಾಯದಲ್ಲಾದರೆ ವಟುವು ಕೃಷ್ಣಾಜಿನದ ಪಟ್ಟಿಯನ್ನೂ ಮೇಖಲೆಯನ್ನೂ ಧರಿಸಿ ವರ್ಷಗಟ್ಟಲೆ ಬ್ರಹ್ಮಚರ್ಯದಲ್ಲಿದ್ದು, ಆಮೇಲಷ್ಟೇ ಸಮಾವರ್ತನ ಮಾಡಿಕೊಳ್ಳುವುದು ಹಳೆಯ ಕ್ರಮ. ಇವೆರಡರ ನಡುವೆ ನಾಲ್ಕು ದಿನಗಳ ನಮ್ಮ ಹಳೆಯ ಕ್ರಮವೇ ಇಂದಿನ ಕುಟುಂಬಗಳಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ದಿನದ ಬೆಳಗು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಬಗೆಯದು. ಹುಡುಗನು ತಾಯಿಯ ಪಕ್ಕದಲ್ಲಿ ಕುಳಿತು ಮಾತೃಭೋಜನ ಮಾಡುತ್ತಾನೆ. ಬಾಲ್ಯದ ಸ್ವಚ್ಛಂದದ ಊಟ ಅಲ್ಲಿಗೆ ಕೊನೆ. ಕ್ಷೌರ, ಸ್ನಾನಗಳಾದ ಮೇಲೆ ಯಜ್ಞೋಪವೀತ ಬರುತ್ತದೆ, ಸೊಂಟಕ್ಕೆ ಮೂರು ಸುತ್ತು ಮೌಂಜಿ ಬರುತ್ತದೆ. ಅಗ್ನಿಯ ಬಳಿ ಬಲಗಾಲನ್ನು ಕಲ್ಲಿನ ಮೇಲಿಡಿಸಿ, ಈ ಕಲ್ಲಿನಂತೆ ಸ್ಥಿರನಾಗು ಎಂದು ಆಚಾರ್ಯರು ಹೇಳುತ್ತಾರೆ. ಆ ಬಳಿಕ ಅವನ ಹೃದಯವನ್ನು ಮುಟ್ಟಿ, ನಿನ್ನ ಮನಸ್ಸು ನನ್ನ ಮನಸ್ಸನ್ನು ಅನುಸರಿಸಲಿ ಎಂಬರ್ಥದ ಮಂತ್ರವನ್ನು ಪಠಿಸುತ್ತಾರೆ. ಉಪನಯನವೆಂದರೆ ಗುರುವು ಶಿಷ್ಯನನ್ನು ತನ್ನ ಬಳಿಗೆ ಬರಮಾಡಿಕೊಳ್ಳುವುದು ಎಂಬುದು ಈ ಎರಡು ಕ್ರಿಯೆಗಳನ್ನು ನೋಡಿದವರಿಗೆ ಯಾರೂ ವಿವರಿಸದೆಯೇ ತಿಳಿಯುತ್ತದೆ.

ಬ್ರಹ್ಮೋಪದೇಶದಲ್ಲಿ ತಂದೆ, ವಟು ಮುಸುಕಿನೊಳಗಿರುತ್ತಾರೆ. ಹೊರಗಿನವರಿಗೆ ಬಟ್ಟೆ ಅಲ್ಲಾಡುವುದಷ್ಟೇ ಕಾಣುತ್ತದೆ. ಒಳಗೆ ಗಾಯತ್ರಿಯನ್ನು ಮೊದಲು ಪಾದಪಾದವಾಗಿ, ಆಮೇಲೆ ಅರ್ಧರ್ಧವಾಗಿ, ಕೊನೆಗೆ ಇಡಿಯಾಗಿ ಹೇಳಿಕೊಡಬೇಕು. ಮುಹೂರ್ತ ಮೀರುತ್ತದೆಂಬ ಅವಸರದಲ್ಲಿಯೋ ಛಾಯಾಗ್ರಾಹಕರ ಒತ್ತಾಯಕ್ಕೋ ಇದು ಒಂದೇ ಉಸಿರಿಗೆ ಇಳಿಯುವುದನ್ನು ನಾನು ಕಂಡಿದ್ದೇನೆ. ಮುಸುಕು ತೆಗೆದ ಮೇಲೆ ಹುಡುಗನಿಗೆ ಮೊದಲ ಪಾದವಾದರೂ ಸ್ವಂತವಾಗಿ ಹೇಳಲು ಬಾರದಿದ್ದರೆ ಉಪದೇಶವು ಕಿವಿಯನ್ನು ತಲುಪಿಲ್ಲವೆಂದೇ ತಿಳಿಯಬೇಕು.

ಬಳಿಕ ಕೈಗೆ ಮುತ್ತುಗದ ದಂಡ ಬರುತ್ತದೆ, ಭಿಕ್ಷೆ ಆರಂಭವಾಗುತ್ತದೆ. "ಭವತಿ ಭಿಕ್ಷಾಂ ದೇಹಿ" ಎಂದು ಮೊದಲು ತಾಯಿಯ ಮುಂದೆಯೇ ನಿಲ್ಲುವುದೇಕೆಂದರೆ, ಇಲ್ಲವೆನ್ನದವರಿಂದ ಬೇಡುವುದನ್ನು ಮೊದಲು ಕಲಿಯಲಿ ಎಂದು. ದೊರೆತದ್ದನ್ನು ತಾನಿಟ್ಟುಕೊಳ್ಳದೆ ಗುರುವಿಗೆ ಒಪ್ಪಿಸಬೇಕು. ಅಕ್ಕಿಯ ಜಾಗದಲ್ಲಿ ಹೆಸರು ಬರೆದ ಲಕೋಟೆಗಳು ಬಂದು, ಅವುಗಳ ಲೆಕ್ಕ ಮನೆಯ ಪುಸ್ತಕಕ್ಕೆ ಹೋದಾಗ ಬೇಡಿದವನು ಯಾರು, ಪಡೆದವನು ಯಾರು ಎಂಬುದೇ ತಲೆಕೆಳಗಾಗುತ್ತದೆ. ಉಡುಗೊರೆ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಊಟದ ಬಳಿಕ ಬೇರೆಯಾಗಿ ಕೊಡಬಹುದು.

ಮಂಟಪದ ಮುಂಜಿಯಲ್ಲಿ ಕಾಣೆಯಾಗುವುದು ಇದರ ಮುಂದಿನ ಭಾಗ. ಮೂರು ದಿನ ಅಗ್ನಿಯನ್ನು ಕಾಪಾಡಬೇಕು, ಉಪ್ಪು, ಖಾರ ಬಿಟ್ಟ ಊಟ ಮಾಡಬೇಕು, ನೆಲದ ಮೇಲೆ ಮಲಗಬೇಕು. ಬೆಳಿಗ್ಗೆ, ಸಂಜೆ ಗೇಣುದ್ದದ ಮುತ್ತುಗದ ಸಮಿತ್ತುಗಳನ್ನು ಒಂದೊಂದಾಗಿ ಬೆಂಕಿಗೆ ಅರ್ಪಿಸುವುದೇ ಅಗ್ನಿಕಾರ್ಯ. ಮೊದಲ ಸಂಜೆ ತಂದೆ ಕೈ ಹಿಡಿದು ಮಾಡಿಸುತ್ತಾರೆ. ಎರಡನೆಯ ದಿನ ಹುಡುಗ ಮಂತ್ರವನ್ನು ತಡವರಿಸುತ್ತಾನೆ. ಮೂರನೆಯ ದಿನದ ಹೊತ್ತಿಗೆ ಸಮಿತ್ತನ್ನು ತಾನೇ ಎಣಿಸಿಟ್ಟುಕೊಳ್ಳುತ್ತಾನೆ. ಸಂಧ್ಯಾವಂದನೆ ಅಭ್ಯಾಸಕ್ಕೆ ಬರುವುದು ಈ ಆರು ಹೊತ್ತುಗಳಲ್ಲಿಯೇ. ಮೊದಲ ದಿನವೇ ಸಮಾವರ್ತನ ಮಾಡಿಸಿ ಮೌಂಜಿ, ದಂಡಗಳನ್ನು ತೆಗೆಸಿಬಿಟ್ಟರೆ ಅವನಿಗೆ ಉಳಿಯುವುದು ಜನಿವಾರ ಮಾತ್ರ, ಅದೂ ಶಾಲೆ ಶುರುವಾಗುವವರೆಗೆ.

ನಾಲ್ಕನೆಯ ದಿನ ಮೇಧಾಜನನ. ಅಂಗಳದಲ್ಲಿ ಮುತ್ತುಗದ ಗಿಡವನ್ನೋ ಕೊಂಬೆಯನ್ನೋ ನೆಟ್ಟು ವಟುವಿನಿಂದ ಪೂಜೆ ಮಾಡಿಸುತ್ತಾರೆ. ದೇವತೆಗಳು ಬ್ರಹ್ಮದ ವಿಚಾರ ಮಾತನಾಡುತ್ತಿದ್ದಾಗ ಈ ಮರವು ಅದನ್ನು ಆಲಿಸಿತು ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಚೆನ್ನಾಗಿ ಕೇಳಿಸಿಕೊಂಡ ಮರವೇ, ನನ್ನನ್ನೂ ಹಾಗೆಯೇ ಮಾಡು ಎಂಬುದು ಹುಡುಗನ ಪ್ರಾರ್ಥನೆ. ಕೇಳಿಯೇ ವೇದ ಕಲಿಯಬೇಕಾದವನಿಗೆ ಇಷ್ಟು ದಿನ ದಂಡ ಕೊಟ್ಟದ್ದೂ, ಸಮಿತ್ತು ಕೊಟ್ಟದ್ದೂ ಇದೇ ಮರ ಎಂಬುದು ಅವನಿಗೆ ತಿಳಿಯುವುದು ಅಂದು. ಇದನ್ನು ಬಿಟ್ಟ ಉಪನಯನದಲ್ಲಿ ಕೈಗೆ ಕೋಲು ಏಕೆ ಬಂತೆಂದು ಮಗು ಕೇಳಿದರೆ ದೊಡ್ಡವರಲ್ಲಿ ಉತ್ತರವಿರುವುದಿಲ್ಲ.

ನಂಬೂದಿರಿಗಳ ದೀರ್ಘ ವ್ರತದ ಮೇಲೆ ನನಗೆ ಗೌರವವಿದೆ, ಆದರೆ ಬಸ್ಸಿನಲ್ಲಿ ಶಾಲೆಗೆ ಹೋಗಿಬರುವ ಮಗುವಿಗೆ ಅದನ್ನು ವಿಧಿಸುವ ಧೈರ್ಯ ನನಗಿಲ್ಲ. ರಜೆ ಸಿಗದೆಂಬ ಬೆಂಗಳೂರಿನವರ ತೊಂದರೆಯೂ ನಿಜವೇ. ಅಂಥವರು ಪುರೋಹಿತರಲ್ಲಿ ಗುರುವಾರದ ಮುಹೂರ್ತವಿದೆಯೇ ಎಂದು ಮೊದಲೇ ವಿಚಾರಿಸಬಹುದು, ಆಗ ಮೇಧಾಜನನವು ಭಾನುವಾರಕ್ಕೆ ಬೀಳುತ್ತದೆ. ಮಂಟಪವನ್ನು ಮೊದಲ ದಿನಕ್ಕೆ ಮಾತ್ರ ಹಿಡಿದರೆ ಸಾಕು. ಉಳಿದ ಮೂರು ದಿನಕ್ಕೆ ಮನೆಯ ಒಂದು ಮೂಲೆ, ಚಿಕ್ಕ ಹೋಮಕುಂಡ, ಒಂದು ಕಟ್ಟು ಸಮಿತ್ತು ಇದ್ದರಾಯಿತು.