ಟೈಲ್ಸಿನ ಲೆಕ್ಕ ಮತ್ತು ನನ್ನ ಹೊಟ್ಟೆಯುರಿ

ಗದಗಿನಲ್ಲಿ ಮನೆ ಕಟ್ಟಿಸುತ್ತಿರುವ ಅಳಿಯ ಇಂದು ಮುಂಜಾನೆ ಮೊಬೈಲಿನಲ್ಲಿ ತೋರಿಸಿದ ಅಂದಾಜು ನೋಡಿ ತಲೆ ಕೆಟ್ಟಿತು: 12×14 ಅಡಿಯ ಖೋಲಿ, 168 ಚದರ ಅಡಿ, ಹತ್ತು ಪರ್ಸೆಂಟ್ ವೇಸ್ಟೇಜ್, ಚದರ ಅಡಿಗೆ 50 ರೂಪಾಯಿ, ಒಟ್ಟು 9,240. ಬ್ಯಾಂಕಿನಲ್ಲಿ ಜೀವನವಿಡೀ ಲೆಕ್ಕ ಬರೆದ ನನ್ನ ಮುಂದೆಯೇ ಇದನ್ನು ಹಿಡಿಯಬೇಕೇ?

ಎರಡಡಿಯ ಟೈಲ್ಸ್ ಎಂದು ಅಂಗಡಿಯವರು ಕರೆಯುವುದು ನಿಜದಲ್ಲಿ 600 ಮಿಲಿಮೀಟರಿನದು, ಅಂದರೆ 23.6 ಇಂಚು. ನಾಲ್ಕು ಟೈಲ್ಸಿನ ಬಾಕ್ಸಿನಲ್ಲಿ ಇರುವುದು 15.5 ಚದರ ಅಡಿ. ಹದಿನಾರು ಎಂದು ಬಿಲ್ ಮಾಡುವವರನ್ನು ನಾನು ಬಲ್ಲೆ. ಈ ಅರ್ಧ ಇಂಚಿಗೂ ಕಡಿಮೆಯ ಕೊರತೆಯೇ ಇಡೀ ಲೆಕ್ಕವನ್ನು ಕೆಡಿಸುತ್ತದೆ. ಹನ್ನೆರಡು ಅಡಿಯಲ್ಲಿ ಆರು ಟೈಲ್ಸ್ ಕೂರಿಸಿದರೆ, ಸಂದುಗಳನ್ನು ಸೇರಿಸಿದ ಮೇಲೂ, ಗೋಡೆಯ ಪಕ್ಕ ಸುಮಾರು ಎರಡು ಇಂಚು ಉಳಿಯುತ್ತದೆ. ಹದಿನಾಲ್ಕು ಅಡಿಯ ಬದಿಗೂ ಏಳು ಟೈಲ್ಸಿನ ನಂತರ ಅದೇ ಕಥೆ. ಎರಡಿಂಚಿನ ಪಟ್ಟಿ ಕತ್ತರಿಸುವಾಗಲೇ ಒಡೆಯುತ್ತದೆ, ಉಳಿದರೂ ನೋಡಲು ಅಸಹ್ಯ. ಆದ್ದರಿಂದ ಒಳ್ಳೆಯ ಗೌಂಡಿ ನಡುವಿನಿಂದ ಹಿಡಿದು ಎರಡೂ ಗೋಡೆಗಳಿಗೆ ಸುಮಾರು ಹದಿಮೂರು ಇಂಚಿನ ತುಂಡು ಬರುವಂತೆ ಹಾಕುತ್ತಾನೆ. ಒಂದು ಟೈಲ್ಸಿನಿಂದ ಅಂಥ ಎರಡು ತುಂಡು ಹೊರಡುವುದಿಲ್ಲವಾದ್ದರಿಂದ ಅಡ್ಡಕ್ಕೆ ಏಳು, ಉದ್ದಕ್ಕೆ ಎಂಟು, ಒಟ್ಟು 56 ಟೈಲ್ಸ್ ಬೇಕು. ಅಂದರೆ ಹದಿನಾಲ್ಕು ಬಾಕ್ಸ್; ಅಳಿಯನ ಲೆಕ್ಕದಲ್ಲಿ ಬರುವುದು ಹನ್ನೆರಡೇ.

“ಕಮ್ಮಿ ಬಿದ್ರ ಮತ್ತ ತರಿಸಿದ್ರಾತಲ್ರೀ ಮಾವಾರ” ಎಂದ. ಒಪ್ಪಿಕೊಳ್ಳುತ್ತೇನೆ, ಧಾರವಾಡದ ನಮ್ಮ ಪಡಸಾಲೆಯಲ್ಲಿ ನಾನೂ ಹೀಗೆಯೇ ಅಂದುಕೊಂಡಿದ್ದೆ. ಎರಡು ಬಾಕ್ಸ್ ಕಡಿಮೆ ಬಿದ್ದು ಮತ್ತೆ ತಂದಾಗ ಶೇಡ್ ನಂಬರ್ ಬೇರೆಯಾಗಿತ್ತು. ಕಿಟಕಿಯ ಕೆಳಗಿನ ಆ ಸಾಲು ಇಂದಿಗೂ ಸಂಜೆಯ ಬಿಸಿಲಿಗೆ ಹಳದಿಯಾಗಿ ನನ್ನನ್ನು ಅಣಕಿಸುತ್ತದೆ.

ಇಷ್ಟು ವೇಸ್ಟೇಜ್ ದಂಡವಲ್ಲವೇ ಎಂದು ಕೇಳಬಹುದು. ಅಲ್ಲ. ಕತ್ತರಿಸಿ ಉಳಿದ ಹನ್ನೊಂದು ಇಂಚಿನ 26 ತುಂಡುಗಳಿಂದಲೇ ಗೋಡೆಯ ಬುಡಕ್ಕೆ ಸುತ್ತಲೂ ಹಚ್ಚುವ ನಾಲ್ಕಿಂಚಿನ ಸ್ಕರ್ಟಿಂಗ್ ಆಗುತ್ತದೆ. ಪ್ರತಿ ತುಂಡಿನ ಫ್ಯಾಕ್ಟರಿ ಅಂಚನ್ನು ಮೇಲಕ್ಕೆ ಬರುವಂತೆ ಒಂದೊಂದೇ ಪಟ್ಟಿ ತೆಗೆದರೂ, ಬಾಗಿಲು ಬಿಟ್ಟು ಉಳಿಯುವ 49 ಅಡಿಗೆ ಸಾಕು. ಅಳಿಯನ ಅಂದಾಜಿನಲ್ಲಿ ಸ್ಕರ್ಟಿಂಗ್ ಎಂಬ ಶಬ್ದವೇ ಇರಲಿಲ್ಲ!

ಅಂಟು ಕೂಡ ಇರಲಿಲ್ಲ. ನೆಲ ಮಟ್ಟವಾಗಿದ್ದು ಮೂರು ಮಿಲಿಮೀಟರ್ ದಪ್ಪ ಹಚ್ಚಿದರೆ ಇಪ್ಪತ್ತು ಕಿಲೋದ ಚೀಲ ಸುಮಾರು ಐವತ್ತು ಚದರ ಅಡಿಗೆ ಬರುತ್ತದೆ. ಹಾಗಾಗಿ ನಾಲ್ಕು ಚೀಲ. ನೆಲ ಏರುಪೇರಾಗಿದ್ದರೆ ಏಳು ಚೀಲವಾದರೂ ಆಶ್ಚರ್ಯವಿಲ್ಲ, ಆದ್ದರಿಂದ ಮೊದಲು ದಾರ ಹಿಡಿದು ನೋಡು ಎಂದೆ. ಗೌಂಡಿಗೆ 900, ಜೊತೆಯ ಆಳಿಗೆ 600 ಎಂದು ಅವನೇ ಮಾತಾಡಿಕೊಂಡಿದ್ದಾನೆ. ಹಾಸಲು ಎರಡು ದಿನ, ಸ್ಕರ್ಟಿಂಗ್ ಮತ್ತು ಸಂದು ತುಂಬಲು ಒಂದು ದಿನ ಹಿಡಿದರೆ 4,500.

ಬಾಕ್ಸಿಗೆ 775ರಂತೆ ಟೈಲ್ಸ್ 10,850, ಚೀಲಕ್ಕೆ 450ರಂತೆ ಅಂಟು 1,800, ಪಗಾರ 4,500: ಒಟ್ಟು 17,150. ಚದರ ಅಡಿಗೆ ನೂರು ರೂಪಾಯಿ ದಾಟಿತು. ಅಳಿಯ ಮೊಬೈಲನ್ನು ಕಿಸೆಗೆ ಇಳಿಸಿ, ಟೇಪ್ ಎಲ್ಲಿದೆ ಎಂದು ನನ್ನ ಮಗಳನ್ನು ಕೇಳಿದ.