ಇರಶ್ಶಾಯಿಮಸೆಗೆ ಮಾವ ಕೊಟ್ಟ ಉತ್ತರ

ಜಪಾನಿನ ಅಂಗಡಿಗಳಲ್ಲಿ ಗಿರಾಕಿಗೆ ಒಂದು ದೊಡ್ಡ ಅನುಕೂಲ ಇದೆ. ಬಾಯಿ ಬಿಡಬೇಕಾಗಿಲ್ಲ. ಬಾಗಿಲು ತಾನಾಗಿ ಸರಿಯುತ್ತದೆ, ಗಂಟೆ ಬಾರಿಸುತ್ತದೆ, ಒಳಗಿನಿಂದ ಯಾರೋ "ಇರಶ್ಶಾಯಿಮಸೇ..." ಎಂದು ಸ್ವಾಗತದ ರಾಗ ಎಳೆಯುತ್ತಾರೆ. ನೀವು ಸುಮ್ನೆ ಹಾಲಿನ ಫ್ರಿಜ್ ಕಡೆ ನಡೆದರಾಯಿತು. ಕೂಗಿದವರೂ ನಿಮ್ಮನ್ನು ನೋಡಿರುವುದಿಲ್ಲ. ಅವರು ಕೆಳಗಿನ ಶೆಲ್ಫಿನಲ್ಲಿ ತಲೆ ತೂರಿಸಿ ಅನ್ನದ ಉಂಡೆಗಳನ್ನು ಜೋಡಿಸುತ್ತಿರುತ್ತಾರೆ.

ಶಿವಮೊಗ್ಗದಿಂದ ನಮ್ಮ ಮನೆಗೆ ಬಂದಿದ್ದ ಮಾವನವರಿಗೆ ಮಾತ್ರ ಈ ಅನುಕೂಲ ದೊಡ್ಡ ಹಿಂಸೆಯಾಯಿತು. ಟೋಕಿಯೊದ ನಿಶಿ-ಕಸಾಯಿಯಲ್ಲಿ ನಾವಿರುವುದು. ಮೂಲೆಮೂಲೆಗೂ ಒಂದು ಕೊಂಬಿನಿ, ಅಂದರೆ ಹಗಲೂ ರಾತ್ರಿ ತೆರೆದಿರುವ ಪುಟ್ಟ ಅಂಗಡಿ. ಮಾವ ಒಳಗೆ ಕಾಲಿಟ್ಟರು, ಕೂಗು ಕೇಳಿತು, ನಿಂತುಬಿಟ್ಟರು. ಮನುಷ್ಯರು ಕಾಣುತ್ತಿಲ್ಲ. "ಯಾರೋ ಕರೆದರಲ್ಲಮ್ಮ?" ಅಂದರು. "ಉತ್ತರ ಕೊಡಬೇಕಾಗಿಲ್ಲ ಮಾವ" ಅಂದೆ. "ಮಾತಾಡಿಸಿದವರಿಗೆ ಮಾತಾಡದೆ ಹೋದರೆ ಏನಂದುಕೊಳ್ತಾರೆ?" ಎಂದು ಬಿಸ್ಕತ್ತಿನ ಸಾಲಿನ ಕಡೆಗೆ ತಿರುಗಿ ಜೋರಾಗಿ "ನಮಸ್ಕಾರ" ಅಂದರು. ಸಾಲಿನ ಹಿಂದಿನಿಂದ ಗಾಬರಿಯಾದ ಹುಡುಗನೊಬ್ಬ ಎದ್ದು ಬಂದ. ಮಾವ ಏನೋ ಕೇಳಿದರು ಎಂದುಕೊಂಡಿದ್ದನೇನೋ, ಪಾಪ.

ಮಾವನವರ ತಕರಾರೂ ನ್ಯಾಯವಾದದ್ದೇ. ಜಪಾನಿಯರ ದಿನನಿತ್ಯದ ಮಾತುಗಳು ಜೋಡಿಜೋಡಿಯಾಗಿ ಬರುತ್ತವೆ. ಮನೆಗೆ ಬಂದವರು "ತದಾಯಿಮ" ಅಂದರೆ ಒಳಗಿದ್ದವರು "ಒಕಾಯೆರಿ" ಅನ್ನಲೇಬೇಕು. ಹೊರಡುವವರಿಗೂ ಹೀಗೇ ಇನ್ನೊಂದು ಜೋಡಿ ಇದೆ. ಇರಶ್ಶಾಯಿಮಸೆ ಮಾತ್ರ ಒಂಟಿ. ಅದು ಕುಶಲ ಕೇಳುವ ಮಾತಲ್ಲ, ದಯಮಾಡಿಸಿ ಎಂದು ತುಂಬಾ ಮರ್ಯಾದೆಯಿಂದ ಒಳಗೆ ಕರೆಯುವ ಮಾತು. ನೀವು ಬಂದಾಯಿತು, ಅಲ್ಲಿಗೆ ಉತ್ತರ ಕೊಟ್ಟಾಯಿತು.

ಇನ್ನೊಂದು ವಿಷಯ. ಆ ಕೂಗು ನಿಮಗೊಬ್ಬರಿಗೇ ಹಾಕಿದ್ದಲ್ಲ. ಎಷ್ಟೋ ಅಂಗಡಿಗಳಲ್ಲಿ ಬಾಗಿಲ ಹತ್ತಿರ ಇದ್ದವರು ಒಮ್ಮೆ ಕೂಗಿದರೆ ಸಾಕು, ಗಲ್ಲಾದವರು, ಶೆಲ್ಫಿನವರು, ಹಿಂದಿನ ಕೋಣೆಯವರು ಎಲ್ಲರೂ ಒಬ್ಬರಾದ ಮೇಲೊಬ್ಬರು ಅದನ್ನೇ ಕೂಗುತ್ತಾರೆ. ಇದಕ್ಕೆ ಯಮಾಬಿಕೊ ಎಂದು ಹೆಸರಿದೆ, ಬೆಟ್ಟದಲ್ಲಿ ಕೂಗಿದಾಗ ತಿರುಗಿ ಬರುವ ದನಿ. ಗಿರಾಕಿ ಬಂದಿದ್ದಾರೆ ಎಂದು ಕೆಲಸದವರಿಗೆಲ್ಲ ಗೊತ್ತಾಗುತ್ತದೆ. ನಮ್ಮನ್ನು ಗಮನಿಸಿದ್ದಾರೆ ಎಂದು ಗಿರಾಕಿಗೆ ಗೊತ್ತಾಗುತ್ತದೆ. ಚಾಕಲೇಟು ಜೇಬಿಗಿಳಿಸಲು ಬಂದವನಿಗೂ ಗೊತ್ತಾಗುತ್ತದೆ!

ಇಷ್ಟೆಲ್ಲ ವಿವರಿಸಿದೆ. ಮಾವನಿಗೆ ಒಪ್ಪಿಗೆಯಾಗಲಿಲ್ಲ. ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು: "ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ಶಿಕಾರಿಪುರ ಶಿಕಾರಿಪುರ ಅಂತ ಕೂಗ್ತಾನೆ. ನೀವೇನು ಓ ಅಂತೀರಾ?"

ಉತ್ತರ ಕೊಟ್ಟರೆ ಏನಾಗುತ್ತದೆ ಎಂಬುದು ಸರಿಯಾಗಿ ಗೊತ್ತಾಗಿದ್ದು ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ. ಬೆಳಿಗ್ಗೆ 10 ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿದ್ದೆವು. ಆ ಹೊತ್ತಿನಲ್ಲಿ ಕೆಲಸದವರೆಲ್ಲ ತಮ್ಮ ತಮ್ಮ ಕೌಂಟರಿನ ಮುಂದೆ ನಿಂತು, ಮೊದಲು ಬಂದವರಿಗೆ ಬಗ್ಗಿ ನಮಸ್ಕರಿಸುತ್ತಾರೆ. ಮಾವ ಎರಡೂ ಕಡೆಗೆ ಕೈಮುಗಿಯುತ್ತಾ, ಚುನಾವಣೆ ಗೆದ್ದವರ ಹಾಗೆ ನಡೆದರು. ಅಲ್ಲಿ ಏನೂ ತೊಂದರೆಯಾಗಲಿಲ್ಲ. ತೊಂದರೆಯಾಗಿದ್ದು ನೆಲಮಾಳಿಗೆಯಲ್ಲಿ.

ನೆಲಮಾಳಿಗೆ ಪೂರ್ತಿ ತಿಂಡಿತಿನಿಸಿನ ಮಳಿಗೆಗಳು, ಇದಕ್ಕೆ ದೆಪಚಿಕ ಅನ್ನುತ್ತಾರೆ. ಒಂದೊಂದು ಕೌಂಟರಿನಿಂದಲೂ ಇರಶ್ಶಾಯಿಮಸೆ. ಅಲ್ಲಿನ ಗಿರಾಕಿಗಳು ಮುಂದೆ ನೋಡುತ್ತಾ, ನಡಿಗೆ ನಿಲ್ಲಿಸದೆ ದಾಟುತ್ತಾರೆ. ಬೇಕಾದವರು ಮಾತ್ರ ನಿಲ್ಲುತ್ತಾರೆ. ನಿಂತು ಮುಖ ನೋಡಿದರೆ ಮುಗಿಯಿತು, ವ್ಯಾಪಾರ ಶುರು. ಮಾವ ಉಪ್ಪಿನಕಾಯಿ ಅಂಗಡಿಯ ಮುಂದೆ ನಿಂತು, ಮುಖ ನೋಡಿ, "ಹಲೋ" ಅಂದರು. ಬಿಳಿ ಟೋಪಿಯ ಹೆಂಗಸು ಖುಷಿಯಿಂದ ಹಲ್ಲುಕಡ್ಡಿಗೆ ಕಂದುಬಣ್ಣದ ಹೋಳೊಂದನ್ನು ಚುಚ್ಚಿ ಎರಡೂ ಕೈಯಿಂದ ಕೊಟ್ಟರು. ಕೊಟ್ಟದ್ದನ್ನು ಬೇಡ ಅನ್ನುವುದುಂಟೇ? ಮಾವ ಬಾಯಿಗೆ ಹಾಕಿ, ಕಣ್ಣರಳಿಸಿ, ತಲೆ ಆಡಿಸಿದರು. ಆಕೆ ಇನ್ನೊಂದು ಹೋಳು ಕೊಟ್ಟರು. ಮಾವ ಇನ್ನೊಮ್ಮೆ ತಲೆ ಆಡಿಸಿದರು. ನಾನು ಪಕ್ಕದ ಸಿಹಿ ಅಂಗಡಿಯಿಂದ ಬರುವಷ್ಟರಲ್ಲಿ ಪೊಟ್ಟಣ ಕಟ್ಟಿ, ಕಾಗದ ಸುತ್ತಿ, ಚೀಲಕ್ಕೆ ಹಾಕಿ, ಮಾವನವರ ನೋಟಿಗೆ ಚಿಲ್ಲರೆಯೂ ಎಣಿಸಿಯಾಗಿತ್ತು.

ಅದು ನರಾಜುಕೆ. ಸೌತೆಯ ಜಾತಿಯ ಬಿಳಿ ಕಾಯಿಯನ್ನು ಉಪ್ಪಿನಲ್ಲಿಟ್ಟು, ಆಮೇಲೆ ಸಾಕೆ ಹಿಂಡಿ ಉಳಿದ ಚರಟದಲ್ಲಿ ಹೂಳುತ್ತಾರೆ. ಚರಟವನ್ನು ಮತ್ತೆ ಮತ್ತೆ ಬದಲಿಸುತ್ತಾ ತಿಂಗಳುಗಟ್ಟಲೆ ಇಡುತ್ತಾರೆ, ಅದಕ್ಕೇ ಆ ಬಣ್ಣ. ಸಾಕೆ ಎಂದರೆ ಅಕ್ಕಿಯ ಮದ್ಯ. ಅದರ ಅಂಶ ಕಾಯಿಯೊಳಗೂ ಇಳಿದಿರುತ್ತದೆ. ಮಾವ ಜನ್ಮದಲ್ಲಿ ಮದ್ಯ ಮುಟ್ಟಿದವರಲ್ಲ. ಮನೆಗೆ ಬಂದು ಮೊಸರನ್ನದ ಜೊತೆ ನಾಲ್ಕು ಹೋಳು ತಿಂದು, "ಘಾಟು ಚೆನ್ನಾಗಿದೆ" ಅಂದರು. ಪೊಟ್ಟಣದ ಮೇಲಿದ್ದದ್ದನ್ನು ನಾನು ಓದಿ ಹೇಳಿದೆ. ಅತ್ತೆ ನಕ್ಕ ನಗು ಕೆಳಗಿನ ಮನೆಯವರಿಗೂ ಕೇಳಿರಬೇಕು.

ಆವತ್ತಿನಿಂದ ಮಾವ ಮೌನ ಹಿಡಿದರು. ಯಾರು ಏನೇ ಅನ್ನಲಿ, ನೇರ ಮುಂದೆ ನೋಡುವುದು. ಇದು ಇನ್ನೂ ಕಷ್ಟಕ್ಕೆ ಬಂತು. ಒಂದು ಸಂಜೆ ಕೊಂಬಿನಿಗೆ ಒಬ್ಬರೇ ಹೋಗಿ ಹಾಲು, ಬ್ರೆಡ್ಡು, ಬಾಳೆಹಣ್ಣು, ಎರಡು ಡಬ್ಬಿ ತೋಫು ಎಲ್ಲವನ್ನೂ ಎದೆಗವಚಿಕೊಂಡು, ಬ್ರೆಡ್ಡನ್ನು ಗಲ್ಲದಿಂದ ಒತ್ತಿ ಹಿಡಿದು ಮನೆಗೆ ಬಂದರು. ಗಲ್ಲಾದಲ್ಲಿದ್ದವರು ಚೀಲ ಬೇಕಾ ಎಂದು ಕೇಳಿದ್ದಾರೆ. 2020ರ ಜುಲೈಯಿಂದ ಅಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು, ಹಾಗಾಗಿ ಕೇಳದೆ ಕೊಡುವಂತಿಲ್ಲ. ಮಾವ ಗೋಡೆ ನೋಡುತ್ತಾ ನಿಂತಿದ್ದಾರೆ. ಬೇಡ ಅಂತ ಅವರು ತಿಳಿದುಕೊಂಡಿದ್ದಾರೆ.

ಹಾಗಾದರೆ ಯಾವುದಕ್ಕೆ ಉತ್ತರ ಕೊಡಬೇಕು, ಯಾವುದಕ್ಕೆ ಬೇಡ? ಇದನ್ನು ಕಂಡುಹಿಡಿದವರು ಅತ್ತೆ, ಜಪಾನಿ ಭಾಷೆಯ ಗಂಧಗಾಳಿ ಇಲ್ಲದೆ. ಇರಶ್ಶಾಯಿಮಸೆ ಅನ್ನುವಾಗ ದನಿ ಹಾಡಿನ ಹಾಗೆ ತೇಲಿ ಹೋಗುತ್ತದೆ, ಕೈಕೆಲಸ ನಿಲ್ಲುವುದಿಲ್ಲ. ನಿಜವಾಗಿ ಕೇಳುವಾಗ ಅವರು ಕೈ ನಿಲ್ಲಿಸಿ ಮುಖ ನೋಡುತ್ತಾರೆ, ಮಾತು ಮೇಲಕ್ಕೇರಿ ನಿಲ್ಲುತ್ತದೆ, ಸಾಮಾನ್ಯವಾಗಿ ಕೊನೆಗೆ "ಕಾ" ಇರುತ್ತದೆ. ನಾವು ಬೇಕಾ ಅನ್ನುವ ಹಾಗೇ. ಹೋಟೆಲಿನಲ್ಲೂ ಅಷ್ಟೇ. ಇರಶ್ಶಾಯಿಮಸೆಯ ಬೆನ್ನಿಗೇ "ನಾನ್‌ಮೇಯ್‌ಸಮ ದೆಸು ಕಾ" ಬರುತ್ತದೆ. ಅದು ಎಷ್ಟು ಜನ ಎಂಬ ಪ್ರಶ್ನೆ, ಬೆರಳು ತೋರಿಸಿದರೆ ಸಾಕು. ಕೆಲವು ಅಂಗಡಿಗಳಲ್ಲಿ ಕೊನ್ನಿಚಿವಾ, ಅಂದರೆ ನಮಸ್ಕಾರ, ಅನ್ನುತ್ತಾರೆ. ಅದಕ್ಕೆ ಮಾತ್ರ ಧಾರಾಳವಾಗಿ ಕೊನ್ನಿಚಿವಾ ಅನ್ನಬಹುದು. ಉಳಿದಂತೆ, ಏನೂ ಮಾಡದಿದ್ದರೆ ಮನಸ್ಸು ಕೇಳುವುದಿಲ್ಲ ಅನ್ನುವವರಿಗೆ ಅಲ್ಲಿನವರೇ ಮಾಡುವ ಒಂದು ಉಪಾಯ ಇದೆ. ನಿಲ್ಲದೆ, ಹಲ್ಲು ಬಿಡದೆ, ತಲೆಯನ್ನು ಒಂದಿಷ್ಟು ಬಗ್ಗಿಸಿ ಮುಂದೆ ಹೋಗುವುದು. ಚಿಕ್ಕ ಅಂಗಡಿಗಳಲ್ಲಿ ಅದು ಚೆನ್ನಾಗಿಯೂ ಕಾಣುತ್ತದೆ.

ಮಾವನಿಗೆ ಈ ಉಪಾಯ ಬಹಳ ಹಿಡಿಸಿತು. ಜಾಸ್ತಿಯೇ ಹಿಡಿಸಿತು. ಸೂಪರ್‌ಮಾರ್ಕೆಟ್ಟುಗಳಲ್ಲಿ ಯೊಬಿಕೊಮಿ-ಕುನ್ ಎಂಬ ಪುಟ್ಟ ಡಬ್ಬ ಇಟ್ಟಿರುತ್ತಾರೆ. ಪೊ ಪೊ ಪೊಪೊಪೊ ಎಂದು ಟ್ಯೂನು ಬಾರಿಸುತ್ತಾ, ಧ್ವನಿಮುದ್ರಿಸಿದ ಮಾತಿನಲ್ಲಿ ಗಿರಾಕಿಗಳನ್ನು ಕರೆಯುತ್ತದೆ. ತರಕಾರಿ ಸಾಲಿನಲ್ಲಿ ಅದು ಇರಶ್ಶಾಯಿಮಸೆ ಅಂದಿತು. ಮಾವ ಗಂಭೀರವಾಗಿ ತಲೆ ಬಗ್ಗಿಸಿದರು. ಅದು ಮತ್ತೆ ಅಂದಿತು. ಮಾವ ಮತ್ತೆ ಬಗ್ಗಿಸಿದರು.

"ಅದು ಡಬ್ಬ ರೀ" ಅಂದರು ಅತ್ತೆ.

"ಇರ್ಲಿ ಬಿಡೆ, ಉಪ್ಪಿನಕಾಯಂತೂ ಕೊಡಲ್ಲವಲ್ಲ."